ಆ್ಯಪ್ ಕನ್ನಡಕ್ಕೆ ಬಂತು, ಆದ್ರೆ ‘ಪಾವತಿಸಿ’ ಅಂದ್ರೆ ಕೊಡೋದಾ, ತಗೊಳ್ಳೋದಾ?

ಈ ಸಂಚಿಕೆ ಶುರುವಾಗೋದು ಒಂದು ಫೋನ್ ಕಾಲ್‌ನಿಂದ. ಮಾಡಿದ್ದು ನಮ್ಮ ಸೋದರತ್ತೆ. ಗದಗದ ಮಾರ್ಕೆಟ್‌ನಲ್ಲಿ ಅವರದ್ದೊಂದು ಸಣ್ಣ ಬಳೆ ಅಂಗಡಿ ಇದೆ. ಕನ್ನಡ ಚೆನ್ನಾಗಿ ಓದ್ತಾರೆ, ದಿನಪತ್ರಿಕೆ ಬಿಡಲ್ಲ. ಇಂಗ್ಲಿಷ್ ಅಕ್ಷರ ಗೊತ್ತಿದೆ, ಆದ್ರೆ ಕೂಡಿಸಿ ಓದೋಕೆ ಬರಲ್ಲ. ಹೋದ ಸಲ ಊರಿಗೆ ಹೋದಾಗ ಅವರ ಹೊಸ ಫೋನಿನಲ್ಲಿ ಪೇಮೆಂಟ್ ಆ್ಯಪ್ ಹಾಕಿ, ಭಾಷೆ ಕನ್ನಡಕ್ಕೆ ಬದಲಿಸಿ, ‘ಇನ್ನೇನ್ ಅತ್ತಿ, ಎಲ್ಲಾ ಕನ್ನಡದಾಗ ಐತಿ, ಓದಿ ಒತ್ತು’ ಅಂತ ಹೇಳಿ ಬೆಂಗಳೂರಿಗೆ ಬಂದಿದ್ದೆ. ಕೆಲಸ ಮುಗೀತು ಅಂದ್ಕೊಂಡಿದ್ದೆ.

ಹತ್ತು ದಿನ ಆದ ಮೇಲೆ ಫೋನ್ ಬಂತು. ‘ತಮ್ಮಾ, ಇಷ್ಟೊತ್ತು ಎಲ್ಲಾ ಕನ್ನಡ ಇತ್ತು, ಈಗ ಒಮ್ಮೆಲೆ ಇಂಗ್ಲಿಷ್ ಬಂದೈತಿ. ನಂಬರ್ ಕೇಳಾಕತ್ತೈತಿ. ಹಾಕ್ಲೇನು?’

‘ಏನ್ ಮಾಡಾಕ ಹೋಗಿದ್ದಿ ಅತ್ತಿ?’ ಅಂದೆ.

ಯಾರೋ ಗುರುತಿಲ್ಲದವರು ಫೋನ್ ಮಾಡಿ, ಮನೇಲಿ ಕುಬಸ ಇದೆ, ಬಳೆ ಬೇಕು ಅಂದಿದ್ರಂತೆ. ಅಡ್ವಾನ್ಸ್ ₹4,500 ಕಳಿಸ್ತೀವಿ, ಅದಕ್ಕೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅಂತ ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಕಳಿಸಿದ್ರು. ಅತ್ತಿ ಅದನ್ನ ಆ್ಯಪ್‌ನಲ್ಲಿ ತೆರೆದ್ರು. ₹4,500 ಅಂತ ಬಂತು. ಕೆಳಗೆ ದೊಡ್ಡದಾಗಿ ‘ಪಾವತಿಸಿ’ ಅಂತ ಬಟನ್ ಇತ್ತು. ಒತ್ತಿದ್ರು. ಮುಂದೆ ಯುಪಿಐ ಪಿನ್ ಹಾಕೋ ಪುಟ ಬಂತು, ಅದು ಇಂಗ್ಲಿಷ್‌ನಲ್ಲಿತ್ತು. ಅದನ್ನ ನೋಡಿ ಅಂಜಿಕೆಯಾಗಿ ನನಗೆ ಕರೆ ಮಾಡಿದ್ರು.

‘ಹಾಕಬ್ಯಾಡ ಅತ್ತಿ, ಹಿಂದ ಬಾ’ ಅಂದೆ. ₹4,500 ಉಳೀತು. ಆದ್ರೆ ನನಗೆ ಒಂದು ಅರ್ಥ ಆಗಲಿಲ್ಲ. ಬಟನ್ ಮೇಲೆ ಕನ್ನಡದಲ್ಲೇ ‘ಪಾವತಿಸಿ’ ಅಂತ ಇತ್ತಲ್ಲ, ಯಾಕೆ ಒತ್ತಿದ್ರು? ಕೇಳಿದೆ.

‘ಪಾವತಿ ಅಂದ್ರ ಚೀಟಿ ಅಲ್ಲೇನೊ? ರೊಕ್ಕ ಬಂದಿದ್ದಕ್ಕ ಪಾವತಿ ತಗೋಬೇಕು ಅಂತ ಒತ್ತಿದೆ.’

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕಡೆ, ಮರಾಠಿ ಪ್ರಭಾವ ಇರೋ ಊರುಗಳಲ್ಲಿ, ಪಾವತಿ ಅಂದ್ರೆ ರಸೀದಿ. ಪಟ್ಟಿ ಕೊಟ್ಟು ಪಾವತಿ ತಗೋತೀವಿ. ಆ್ಯಪ್ ಅನುವಾದ ಮಾಡಿದವರ ಕನ್ನಡದಲ್ಲಿ ಪಾವತಿಸು ಅಂದ್ರೆ ಹಣ ಕೊಡು. ಅದು ತಪ್ಪಲ್ಲ, ಪುಸ್ತಕದಲ್ಲಿ, ಕಚೇರಿ ಕಾಗದದಲ್ಲಿ ಹಾಗೇ ಬಳಸ್ತಾರೆ. ಆದ್ರೆ ಅದೇ ಪದ ಅತ್ತಿಯ ಕೈಯಲ್ಲಿ ಉಲ್ಟಾ ಅರ್ಥ ಕೊಟ್ಟಿತ್ತು. ಆವತ್ತು ಅವರನ್ನ ತಡೆದು ನಿಲ್ಲಿಸಿದ್ದು ಕನ್ನಡ ಅಲ್ಲ, ಗೊತ್ತಿಲ್ಲದ ಇಂಗ್ಲಿಷ್ ಪುಟ.

ಅದಕ್ಕೆ ಈ ಸಂಚಿಕೆ. ಮನೇಲಿ ಅಮ್ಮನಿಗೋ ಅಜ್ಜನಿಗೋ ಆ್ಯಪ್ ಕನ್ನಡಕ್ಕೆ ಬದಲಿಸಿ ಕೊಡೋರು ನೀವೇ ಅಲ್ವಾ? ಬದಲಿಸೋದು ಒಂದೇ ನಿಮಿಷದ ಕೆಲಸ. ಅದಾದ ಮೇಲೆ ಅರ್ಧ ಗಂಟೆ ಪಕ್ಕ ಕೂತು ಮಾಡಬೇಕಾದ ಕೆಲಸ ಇನ್ನೊಂದಿದೆ. ಎರಡನ್ನೂ ಹೇಳ್ತೀನಿ.

ಮೊದಲು: ಬದಲಿಸೋದು ಎಲ್ಲಿ?

ಭಾಷೆ ಎರಡು ಕಡೆ ಇರುತ್ತೆ. ಒಂದು ಇಡೀ ಫೋನಿನ ಭಾಷೆ, ಇನ್ನೊಂದು ಆ ಆ್ಯಪ್‌ನ ಒಳಗಿನ ಭಾಷೆ. ಹೊಸಬರಿಗೆ ಇಡೀ ಫೋನ್ ಒಂದೇ ಸಲ ಬದಲಿಸಬೇಡಿ. ಅವರು ಈಗಾಗಲೇ ಚಿತ್ರ ನೋಡಿ, ಜಾಗ ನೋಡಿ ಕೆಲವು ಕೆಲಸ ಕಲಿತಿರ್ತಾರೆ. ಎಲ್ಲಾ ಒಟ್ಟಿಗೆ ಬದಲಾದ್ರೆ ಅದೂ ಗೊಂದಲ ಆಗುತ್ತೆ. ಪೇಮೆಂಟ್ ಆ್ಯಪ್ ಒಂದನ್ನೇ ಮೊದಲು ಕನ್ನಡಕ್ಕೆ ತನ್ನಿ.

ಭೀಮ್, ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಈ ನಾಲ್ಕರಲ್ಲೂ ಕನ್ನಡ ಇದೆ. ಆ್ಯಪ್ ತೆರೆದು, ಮೇಲಿನ ಮೂಲೆಯಲ್ಲಿರೋ ನಿಮ್ಮ ಫೋಟೊ ಅಥವಾ ಹೆಸರಿನ ಮೊದಲ ಅಕ್ಷರ ಇರೋ ದುಂಡು ಗುರುತನ್ನ ಒತ್ತಿ. ಅಲ್ಲಿ ಕೆಳಗೆ ಹೋಗ್ತಾ ಹೋಗ್ತಾ Language ಅಂತ ಸಿಗುತ್ತೆ. ಕೆಲವು ಆ್ಯಪ್‌ಗಳಲ್ಲಿ ಮೊದಲು Settings ಒಳಗೆ ಹೋಗಬೇಕು. ಅಪ್‌ಡೇಟ್ ಬಂದಾಗೆಲ್ಲ ಜಾಗ ಸ್ವಲ್ಪ ಆಚೀಚೆ ಆಗುತ್ತೆ, ಆದ್ರೆ ಭಾಷೆಯ ಪಟ್ಟಿ ತೆರೆದಾಗ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿ ಇರುತ್ತೆ. ಅಂದ್ರೆ ‘ಕನ್ನಡ’ ಅಂತ ಕನ್ನಡದಲ್ಲೇ ಬರೆದಿರುತ್ತೆ. ಆ್ಯಪ್ ಹಿಂದಿಯಲ್ಲೋ ಬೇರೆ ಯಾವುದೋ ಭಾಷೆಯಲ್ಲೋ ಸಿಕ್ಕಿಹಾಕಿಕೊಂಡಿದ್ರೂ ಇದೊಂದೇ ಪದ ಹುಡುಕಿದ್ರೆ ಸಾಕು.

ಆ್ಯಪ್ ಒಳಗೆ ಭಾಷೆ ಸಿಗದಿದ್ರೆ ಇನ್ನೊಂದು ದಾರಿ ಇದೆ. ಆಂಡ್ರಾಯ್ಡ್ 13 ಮತ್ತು ಅದರ ನಂತರದ ಫೋನ್‌ಗಳಲ್ಲಿ, ಒಂದೊಂದು ಆ್ಯಪ್‌ಗೆ ಬೇರೆ ಬೇರೆ ಭಾಷೆ ಇಡಬಹುದು. ಫೋನಿನ Settings ತೆರೆದು, ಮೇಲಿನ ಹುಡುಕೋ ಜಾಗದಲ್ಲಿ App languages ಅಂತ ಟೈಪ್ ಮಾಡಿ. ಬಂದ ಪಟ್ಟಿಯಲ್ಲಿ ಆ ಆ್ಯಪ್ ಆರಿಸಿ, ಕನ್ನಡ ಒತ್ತಿ. ಆ ಪಟ್ಟಿಯಲ್ಲಿ ಆ್ಯಪ್ ಇಲ್ಲ ಅಂದ್ರೆ ಈ ದಾರಿಯಿಂದ ಅದರ ಭಾಷೆ ಬದಲಿಸೋಕಾಗಲ್ಲ ಅಂತ ಅರ್ಥ.

ಬದಲಿಸೋ ಮುಂಚೆ ಅತ್ತಿ ಕೇಳಿದ್ದು: ‘ಬ್ಯಾಂಕಿನ ನಂಬರ್ ಬದಲಾಗ್ತೈತೇನು? ಪಿನ್ ಹೊಸದು ಮಾಡಬೇಕೇನು?’ ಇಲ್ಲ. ಖಾತೆ, ಪಿನ್, ಹಳೆಯ ಲೆಕ್ಕ ಯಾವುದೂ ಬದಲಾಗಲ್ಲ. ಬದಲಾಗೋದು ಪರದೆಯ ಮೇಲಿನ ಬರಹ ಮಾತ್ರ. ಇದನ್ನ ಅವರು ಕೇಳದಿದ್ರೂ ನೀವೇ ಹೇಳಿ. ಆ ಭಯ ತುಂಬಾ ಜನಕ್ಕೆ ಇರುತ್ತೆ, ಬಾಯಿಬಿಟ್ಟು ಹೇಳಲ್ಲ.

ಕನ್ನಡಕ್ಕೆ ಬಾರದ ಮೂರು ಜಾಗ

ಭಾಷೆ ಬದಲಿಸಿದಾಗ ಆ್ಯಪ್ ಕಂಪನಿ ತಾನೇ ಬರೆದ ಪದಗಳು ಮಾತ್ರ ಕನ್ನಡ ಆಗ್ತವೆ. ಬೇರೆಯವರಿಂದ ಬರೋ ಬರಹ ಹಾಗೇ ಉಳಿಯುತ್ತೆ. ಅಂಥವು ಮೂರು.

ಮೊದಲನೇದು, ದುಡ್ಡು ತಗೊಳ್ಳೋರ ಹೆಸರು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಕಾಣೋ ಹೆಸರು ಅವರ ಬ್ಯಾಂಕ್ ಖಾತೆಯಿಂದ ಬರುತ್ತೆ, ಬ್ಯಾಂಕಿನಲ್ಲಿ ಅದು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತೆ. ಹಣ ಹೋಗೋ ಮುಂಚೆ ಬ್ಯಾಂಕಿನಲ್ಲಿರೋ ಹೆಸರನ್ನೇ ತೋರಿಸಬೇಕು ಅಂತ ಆ್ಯಪ್‌ಗಳಿಗೆ ನಿಯಮ ಇದೆ. ಯಾಕಂದ್ರೆ ಮೋಸಗಾರರು ತಮಗೆ ಬೇಕಾದ ಹೆಸರು ಹಾಕ್ಕೋಬಾರದು. ನಿಯಮ ಒಳ್ಳೇದೇ. ಆದ್ರೆ ನಮ್ಮ ಅತ್ತಿ ಓದೋಕಾಗದೇ ಇರೋ ಒಂದೇ ಸಾಲು, ಅತೀ ಮುಖ್ಯವಾದ ಸಾಲು.

ಇದಕ್ಕೆ ನಾವು ಮಾಡಿದ್ದು ಹೀಗೆ. ಅತ್ತಿ ಪದೇ ಪದೇ ದುಡ್ಡು ಕೊಡೋದು ನಾಲ್ಕೇ ಜನಕ್ಕೆ. ಆ ನಾಲ್ವರ ನಂಬರ್‌ಗಳನ್ನ ಫೋನಿನ ಕಾಂಟ್ಯಾಕ್ಟ್‌ನಲ್ಲಿ ಕನ್ನಡದಲ್ಲೇ ಸೇವ್ ಮಾಡಿದ್ವಿ. ಈಗ ಆ್ಯಪ್‌ನಲ್ಲಿ ಜನರ ಪಟ್ಟಿ ತೆರೆದ್ರೆ ಅತ್ತಿಗೆ ಗೊತ್ತಿರೋ ಹೆಸರು ಕನ್ನಡದಲ್ಲಿ ಕಾಣುತ್ತೆ. ಆಮೇಲೆ ಬರೋ ಬ್ಯಾಂಕಿನ ಇಂಗ್ಲಿಷ್ ಹೆಸರನ್ನ ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು, ಪಕ್ಕದಲ್ಲಿ ಕನ್ನಡದಲ್ಲೂ ಬರೆದೆ. ಓದೋದು ಬೇಡ, ಅಕ್ಷರ ಅಕ್ಷರ ಹೋಲಿಸಿ ನೋಡಿದ್ರೆ ಸಾಕು. ಹೊಸ ಅಂಗಡಿ ಆದ್ರೆ ಮೊದಲು ₹1 ಕಳಿಸಿ, ಬಂತಾ ಅಂತ ಅವರನ್ನ ಕೇಳಿ, ಆಮೇಲೆ ಉಳಿದದ್ದು.

ಎರಡನೇದು, ಪಿನ್ ಹಾಕೋ ಪುಟ. ಇದು ನೋಡೋಕೆ ಆ್ಯಪ್‌ನ ಭಾಗದ ಹಾಗೇ ಇದ್ರೂ, ಇದನ್ನ ಕೊಡೋದು ಯುಪಿಐ ನಡೆಸೋ ಎನ್‌ಪಿಸಿಐ. ನೀವು ಯಾವ ಆ್ಯಪ್ ಬಳಸಿದ್ರೂ ಪಿನ್ ಪುಟ ಹೆಚ್ಚುಕಮ್ಮಿ ಒಂದೇ ಥರ ಕಾಣೋದು ಅದಕ್ಕೇ. ಆ್ಯಪ್ ಕಂಪನಿಗೆ ನಿಮ್ಮ ಪಿನ್ ಗೊತ್ತಾಗಬಾರದು ಅನ್ನೋದೇ ಉದ್ದೇಶ. ಆ್ಯಪ್ ಕನ್ನಡದಲ್ಲಿದ್ರೂ ಈ ಪುಟ ಇಂಗ್ಲಿಷ್‌ನಲ್ಲಿ ಬರಬಹುದು. ಹಾಗೆ ಬಂದ್ರೆ ಫೋನ್ ಕೆಟ್ಟಿದೆ ಅಂತಲ್ಲ. ಅಲ್ಲಿ ನೋಡಬೇಕಾದ್ದು ಇಷ್ಟೇ: ಮೊತ್ತ ಎಷ್ಟಿದೆ, ಹೆಸರು ಯಾರದ್ದಿದೆ. ಅಂಕಿಗಳು ಕನ್ನಡದ ಆ್ಯಪ್‌ನಲ್ಲೂ ಸಾಮಾನ್ಯವಾಗಿ 1, 2, 3 ಅಂತಲೇ ಬರ್ತವೆ, ಅದು ಬಸ್ ಟಿಕೆಟ್ ನೋಡಿದವರಿಗೆಲ್ಲ ಗೊತ್ತು.

ಮೂರನೇದು, ಬ್ಯಾಂಕಿನ ಎಸ್ಸೆಮ್ಮೆಸ್. ಆ್ಯಪ್‌ನಲ್ಲಿ ಭಾಷೆ ಬದಲಿಸಿದ್ರೆ ಬ್ಯಾಂಕಿಗೆ ಅದು ಗೊತ್ತಾಗಲ್ಲ. ಮೆಸೇಜ್ ಇಂಗ್ಲಿಷ್‌ನಲ್ಲೇ ಬಂದ್ರೆ ಅದರಲ್ಲಿ ಎರಡು ಪದ ಗುರುತಿಟ್ಟುಕೊಂಡ್ರೆ ಕೆಲಸ ನಡೆಯುತ್ತೆ. debited ಅಂದ್ರೆ ನಿಮ್ಮ ಖಾತೆಯಿಂದ ಹೋಯ್ತು. credited ಅಂದ್ರೆ ಬಂತು. ಕೆಲವು ಬ್ಯಾಂಕು Dr, Cr ಅಂತ ಚಿಕ್ಕದಾಗಿ ಬರೀತಾವೆ. ನಾನು ಬಿ.ಕಾಂ. ಓದುವಾಗ ಇದನ್ನ ನೆನಪಿಡೋಕೆ ಒಂದು ಸೆಮಿಸ್ಟರ್ ಒದ್ದಾಡಿದ್ದೆ. ಅತ್ತಿ ಎರಡು ನಿಮಿಷದಲ್ಲಿ ತಮ್ಮದೇ ಸೂತ್ರ ಮಾಡಿಕೊಂಡ್ರು: ‘ಡಿ ಅಂದ್ರ ದಾಟ್ತು, ಸಿ ಅಂದ್ರ ಸೇರ್ತು.’ ನೀವೂ ಇದನ್ನೇ ಹೇಳಿಕೊಡಿ.

ಕನ್ನಡದ ಪದಗಳನ್ನೇ ಮತ್ತೆ ಕನ್ನಡಕ್ಕೆ ತರೋದು

ಈಗ ನಾನು ಮೊದಲ ಸಲ ಮಾಡದೇ ಬಿಟ್ಟ ಕೆಲಸ. ಮುಂದಿನ ವಾರ ಗದಗಕ್ಕೆ ಹೋದಾಗ ಅತ್ತಿಯ ಪಕ್ಕ ಕೂತು, ಆ್ಯಪ್‌ನಲ್ಲಿ ಕಾಣೋ ಪ್ರತಿ ಬಟನ್ ಓದಿಸಿದೆ. ‘ಇದನ್ನ ಒತ್ತಿದ್ರ ಏನಾಗ್ತೈತಿ ಅಂತ ನಿನಗ ಅನಸ್ತೈತಿ?’ ಅಂತ ಕೇಳಿದೆ. ನಾನು ಅರ್ಥ ಹೇಳಲಿಲ್ಲ, ಮೊದಲು ಅವರ ಬಾಯಿಂದ ಕೇಳಿದೆ. ಈ ಕ್ರಮ ಮುಖ್ಯ. ‘ಗೊತ್ತಾಯ್ತಾ?’ ಅಂತ ಕೇಳಿದ್ರೆ ಎಲ್ಲರೂ ‘ಹೂಂ’ ಅಂತಾರೆ.

‘ಪಾವತಿಸಿ’ ಬಗ್ಗೆ ಆಗಲೇ ಹೇಳಿದೆ. ಎರಡನೇ ಅಪಾಯದ ಪದ ‘ಬಾಕಿ’. ಅತ್ತಿಯ ಆ್ಯಪ್‌ನಲ್ಲಿ, ಕಳಿಸಿದ ಹಣ ಇನ್ನೂ ದಾರಿಯಲ್ಲಿದ್ರೆ ‘ಬಾಕಿ ಇದೆ’ ಅಂತ ಬರ್ತಿತ್ತು. ಅಂಗಡಿ ಇಟ್ಟವರಿಗೆ ಬಾಕಿ ಅಂದ್ರೆ ಏನು? ಉದ್ರಿ. ಇನ್ನೂ ಕೊಡಬೇಕಾದ್ದು. ಹಾಗಾಗಿ ಆ ಪದ ಕಂಡ ತಕ್ಷಣ ಅವರು ಮಾಡೋ ಕೆಲಸ ಏನಂದ್ರೆ, ಮತ್ತೊಮ್ಮೆ ಕಳಿಸೋದು! ಹೀಗೆ ಮಾಡಿದ್ರೆ ಎರಡು ಸಲ ದುಡ್ಡು ಹೋಗಬಹುದು.

‘ಬಾಕಿ ಇದೆ’ ಅಥವಾ ‘ಪ್ರಕ್ರಿಯೆಯಲ್ಲಿದೆ’ ಅಂತ ಬಂದ್ರೆ ಕಾಯಬೇಕು, ಮತ್ತೆ ಕಳಿಸಬಾರದು. ನಮ್ಮ ಖಾತೆಯಿಂದ ಕಡಿತ ಆಗಿ, ಆ ಕಡೆ ಸೇರದೇ ಹೋದ್ರೆ ಹಣ ತಾನಾಗೇ ವಾಪಸ್ ಬರಬೇಕು. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಾದ್ರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟಿದ್ದಾದ್ರೆ ಐದು ದಿನದೊಳಗೆ. ಅಷ್ಟರೊಳಗೆ ಬರದಿದ್ರೆ ಆ್ಯಪ್‌ನಲ್ಲಿ ಆ ವಹಿವಾಟನ್ನೇ ತೆರೆದು, ಅಲ್ಲಿಂದಲೇ ದೂರು ಹಾಕಬಹುದು.

ಇನ್ನು ‘ವಿನಂತಿ’. ಅತ್ತಿಗೆ ಅದು ಮದುವೆ ಕಾರ್ಡ್‌ನಲ್ಲಿ ನೋಡಿದ ಪದ. ಆ್ಯಪ್‌ನಲ್ಲಿ ಅದು ‘ನನಗೆ ದುಡ್ಡು ಕಳಿಸಿ’ ಅಂತ ಇನ್ನೊಬ್ಬರನ್ನ ಕೇಳೋದು. ಹೀಗೆ ಕೇಳಿ ಮೋಸ ಮಾಡೋದು ಜಾಸ್ತಿಯಾದ್ದರಿಂದ, ವ್ಯಕ್ತಿಯಿಂದ ವ್ಯಕ್ತಿಗೆ ವಿನಂತಿ ಕಳಿಸೋದನ್ನ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಆದ್ರೆ ಕ್ಯೂಆರ್ ಕಳಿಸಿ ‘ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ’ ಅನ್ನೋ ಆಟ ಇನ್ನೂ ಇದೆ. ಅತ್ತಿಗೆ ಆಗಿದ್ದು ಅದೇ. ಆ ಕ್ಯೂಆರ್‌ನಲ್ಲಿ ₹4,500 ಅನ್ನೋ ಮೊತ್ತ ಮೊದಲೇ ತುಂಬಿಸಿಟ್ಟಿತ್ತು, ಅದಕ್ಕೇ ಅತ್ತಿಗೆ ‘ಬರ್ತಾ ಇರೋ ದುಡ್ಡು’ ಅನ್ನಿಸಿದ್ದು.

ಕೊನೆಗೆ ನಾವು ರಟ್ಟಿನ ಹಿಂಭಾಗದಲ್ಲಿ ಬರೆದಿದ್ದು ಇಷ್ಟು. ಪಾವತಿಸಿ: ನನ್ನ ರೊಕ್ಕ ಹೋಗ್ತಾವ. ಬಾಕಿ ಇದೆ: ದಾರಿಯಾಗ ಐತಿ, ಸುಮ್ಮನ ಕೂಡು. ವಿನಂತಿ: ರೊಕ್ಕ ಕೇಳೋದು. ಪಿನ್: ಹಾಕಿದ್ರ ಹೋಗ್ತಾವ.

ನೀವು ಇದನ್ನೇ ಕಾಪಿ ಮಾಡಬೇಡಿ. ಒಂದೊಂದು ಆ್ಯಪ್ ಒಂದೊಂದು ಪದ ಬಳಸುತ್ತೆ, ಒಂದೊಂದು ಊರಿನಲ್ಲಿ ಒಂದೊಂದು ಅರ್ಥ. ನಿಮ್ಮ ಮನೆಯವರ ಫೋನಿನಲ್ಲಿರೋ ಪದವನ್ನ ಎಡಕ್ಕೆ ಬರೀರಿ, ಅವರು ಆಡೋ ಮಾತಿನಲ್ಲೇ ಅದರ ಅರ್ಥವನ್ನ ಬಲಕ್ಕೆ ಬರೀರಿ.

ಪಿನ್ ಬಗ್ಗೆ ಒಂದೇ ಮಾತು

ಪದಗಳು ಎಷ್ಟೇ ಗೊಂದಲ ಮಾಡಿದ್ರೂ, ಭಾಷೆಯ ಹಂಗಿಲ್ಲದ ಒಂದು ಗುರುತಿದೆ. ನಿಮಗೆ ಹಣ ಬರೋಕೆ ಪಿನ್ ಬೇಕಾಗೇ ಇಲ್ಲ. ಸ್ಕ್ಯಾನ್ ಮಾಡೋದೂ ಬೇಕಾಗಿಲ್ಲ, ಬಟನ್ ಒತ್ತೋದೂ ಬೇಕಾಗಿಲ್ಲ. ನೀವು ನಿದ್ದೆ ಮಾಡ್ತಿದ್ರೂ ಬಂದು ಸೇರುತ್ತೆ. ದಿನಬಳಕೆಯಲ್ಲಿ ಪಿನ್ ಕೇಳೋದು ಹಣ ಹೋಗುವಾಗ, ಮುಂದೆ ತಾನಾಗೇ ಹೋಗೋಕೆ ಒಪ್ಪಿಗೆ ಕೊಡುವಾಗ, ಇಲ್ಲಾ ಖಾತೆಯಲ್ಲಿ ಎಷ್ಟಿದೆ ಅಂತ ನಾವೇ ನೋಡುವಾಗ. ಹಾಗಾಗಿ ಫೋನಿನಲ್ಲಿ ಯಾರಾದ್ರೂ ‘ದುಡ್ಡು ಕಳಿಸ್ತೀನಿ, ಪಿನ್ ಹಾಕಿ’ ಅಂದ್ರೆ ಅವರು ಕಳಿಸ್ತಿಲ್ಲ, ತಗೊಳ್ತಿದ್ದಾರೆ.

ಈ ಗುರುತು ಗಟ್ಟಿಯಾಗಿ ಉಳೀಬೇಕಂದ್ರೆ, ಹೊಸಬರ ಫೋನಿನಲ್ಲಿ ಯುಪಿಐ ಲೈಟ್ ಆನ್ ಮಾಡಬೇಡಿ. ಅದರಲ್ಲಿ ಸಣ್ಣ ಮೊತ್ತ ಪಿನ್ ಇಲ್ಲದೇ ಹೋಗುತ್ತೆ. ಪಿನ್ ಬದಲು ಬೆರಳು ಇಡೋ ಸೌಲಭ್ಯವನ್ನೂ ಈಗಲೇ ಬೇಡ. ‘ಪಿನ್ ಹಾಕಿದ್ರೆ ಹೋಗುತ್ತೆ’ ಅನ್ನೋದು ಮೊದಲು ರೂಢಿ ಆಗಲಿ.

ಒಂದು ರೂಪಾಯಿಯ ಪಾಠ

ಇಷ್ಟನ್ನೂ ಅತ್ತಿಗೆ ಬಾಯಲ್ಲಿ ಹೇಳಿದ್ರೆ ನಿಲ್ಲಲ್ಲ ಅಂತ ಗೊತ್ತಿತ್ತು. ಅದಕ್ಕೆ ಅಂಗಡಿಯಲ್ಲೇ ಕೂತು ₹1ರ ಆಟ ಆಡಿದ್ವಿ. ಮೊದಲು ನಾನು ಅತ್ತಿಗೆ ₹1 ಕಳಿಸಿದೆ. ‘ನೀ ಏನರ ಒತ್ತಿದೇನು?’ ‘ಇಲ್ಲ.’ ‘ಪಿನ್ ಹಾಕಿದೇನು?’ ‘ಇಲ್ಲ, ತಾನ ಬಂತು.’ ಆಮೇಲೆ ಅತ್ತಿ ನನಗೆ ₹1 ಕಳಿಸಿದ್ರು. ಪಾವತಿಸಿ ಒತ್ತಿದ್ರು, ಹೆಸರು ರಟ್ಟಿನ ಜೊತೆ ಹೋಲಿಸಿದ್ರು, ಪಿನ್ ಹಾಕಿದ್ರು. ಎರಡೂ ಆದ ಮೇಲೆ ಆ್ಯಪ್‌ನಲ್ಲಿ ಹಿಂದಿನ ವಹಿವಾಟುಗಳ ಪಟ್ಟಿ ತೆರೆದು, ಯಾವುದು ದಾಟ್ತು, ಯಾವುದು ಸೇರ್ತು ಅಂತ ಅವರೇ ತೋರಿಸಿದ್ರು. ಕೆಲವು ಬ್ಯಾಂಕುಗಳು ಇಷ್ಟು ಸಣ್ಣ ಮೊತ್ತಕ್ಕೆ ಎಸ್ಸೆಮ್ಮೆಸ್ ಕಳಿಸಲ್ಲ, ಮೆಸೇಜ್ ಬರಲಿಲ್ಲ ಅಂತ ಗಾಬರಿ ಆಗಬೇಡಿ. ಪಟ್ಟಿ ನೋಡಿದ್ರೆ ಸಾಕು.

ಮೂರನೇ ಸುತ್ತಿನಲ್ಲಿ ನಾನು ಮೋಸಗಾರ ಆದೆ. ಅಂಗಡಿಯ ಹೊರಗೆ ಹೋಗಿ ಫೋನ್ ಮಾಡಿ, ‘ಅಮ್ಮಾರ, ಬಳಿ ಬೇಕಾಗಿದ್ವು, ಅಡ್ವಾನ್ಸ್ ಕಳಸ್ತೀನಿ, ಕ್ಯೂಆರ್ ಹೊಡೀರಿ’ ಅಂದು ನನ್ನದೇ ಕ್ಯೂಆರ್ ಕಳಿಸಿದೆ, ₹1 ತುಂಬಿಸಿ. ಅತ್ತಿ ಸ್ಕ್ಯಾನ್ ಮಾಡಿದ್ರು. ‘ಪಾವತಿಸಿ’ ಕಂಡಿತು. ಫೋನಿನಲ್ಲೇ ಹೇಳಿದ್ರು: ‘ಇದರಾಗ ನನ್ನ ರೊಕ್ಕ ಹೋಗ್ತಾವ್ರೀ. ನಿಮಗ ಕೊಡೋದಿದ್ರ ನನ್ನ ಅಂಗಡಿ ಕ್ಯೂಆರ್ ಕಳಸ್ತೀನಿ, ಅದಕ್ಕ ಹಾಕ್ರಿ.’

ನಾನು ಇದನ್ನ ಹೇಳಿಕೊಟ್ಟಿರಲಿಲ್ಲ. ಆದ್ರೆ ಇದೇ ಸರಿಯಾದ ಉತ್ತರ. ದುಡ್ಡು ಬೇಕಾದವರು ತಮ್ಮ ಕ್ಯೂಆರ್ ತೋರಿಸ್ತಾರೆ, ಕೊಡೋರು ಸ್ಕ್ಯಾನ್ ಮಾಡ್ತಾರೆ. ಕೊಡೋರೇ ತಮ್ಮ ಕ್ಯೂಆರ್ ಕಳಿಸಿದ್ರೆ ಲೆಕ್ಕ ಉಲ್ಟಾ ಇದೆ ಅಂತ ಅರ್ಥ.

ಹಾಗೂ ಒಂದು ವೇಳೆ ಹಣ ಹೋಗೇಬಿಟ್ರೆ, ತಡಮಾಡದೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ದೂರಿಗಿರೋ ದೇಶದ ಸಹಾಯವಾಣಿ. ಜೊತೆಗೆ ನಿಮ್ಮ ಬ್ಯಾಂಕಿಗೂ ಹೇಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮುಂಚೆ ತಡೆದ್ರೆ ಮಾತ್ರ ಸಿಗೋ ಸಾಧ್ಯತೆ ಹೆಚ್ಚು, ಅದಕ್ಕೆ ಬೇಗ ಮಾಡೋದು ಮುಖ್ಯ. ಆ ನಂಬರನ್ನೂ ರಟ್ಟಿನ ಮೇಲೆ ಬರೀರಿ.

ಆ ರಟ್ಟು ಈಗಲೂ ಅತ್ತಿಯ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಮೊನ್ನೆ ಫೋನ್ ಮಾಡಿದಾಗ ಹೇಳಿದ್ರು, ಪಕ್ಕದ ಕುಂಕುಮದ ಅಂಗಡಿಯವರು ಅದರ ಫೋಟೊ ಹೊಡ್ಕೊಂಡು ಹೋದ್ರಂತೆ. ‘ಬರೇ ಫೋಟೊ ಹೊಡದ್ರ ಆಗೂದಿಲ್ಲ, ನನ್ನ ಕೂಡ ಒಂದ್ ರೂಪಾಯಿ ಆಟ ಆಡು ಅಂತ ಹೇಳೇನಿ’ ಅಂದ್ರು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಊರಿನಲ್ಲಿ ಆ್ಯಪ್‌ನ ಯಾವ ಪದ ಬೇರೆಯೇ ಅರ್ಥ ಕೊಡುತ್ತೆ ಅಂತ ನನಗೆ ಬರೆದು ಕಳಿಸಿ.